27.3 ಸೆಂ.ಮೀ. ಅಂದರೆ ಯಾವುದರ ಉದ್ದ?

'ಸೈಜ್ 41, ಉದ್ದ 27.3 ಸೆಂ.ಮೀ.' ಇಷ್ಟು ಬರೆದು ಕೈ ತೊಳೆದುಕೊಳ್ಳುತ್ತಾರೆ. ಯಾವುದರ ಉದ್ದ ಸ್ವಾಮಿ? ಗಿರಾಕಿಯ ಪಾದದ್ದೋ, ಬೂಟಿನ ಒಳಗಿನದ್ದೋ, ಕೆಳಗಿನ ಅಟ್ಟೆಯದ್ದೋ? ಮುಂಬೈ, ಪುಣೆ ಕಡೆಯ ಪಾದರಕ್ಷೆ ವ್ಯಾಪಾರಿಗಳಿಗೆ ಆನ್‌ಲೈನ್ ಲಿಸ್ಟಿಂಗ್ ತಯಾರು ಮಾಡಿಕೊಡುವುದು ನನ್ನ ಕೆಲಸ. ಫೋಟೊ ಒಂಚೂರು ಮಬ್ಬಾದರೂ ಒಪ್ಪದ ಜನ, ಸೈಜ್ ಚಾರ್ಟ್ ಮಾತ್ರ ಎಲ್ಲಿಂದಲೋ ಎತ್ತಿ ಅಂಟಿಸುತ್ತಾರೆ. ರಿಟರ್ನ್ ಬಂದರೆ ಗಿರಾಕಿಗೆ ಬೈಗುಳ.

ಕುರ್ಲಾದಲ್ಲಿ ಬೂಟು ಹೊಲಿಸುವ ಒಬ್ಬರಿದ್ದಾರೆ, ಅಥಣಿ ಕಡೆಯವರು. 'ಬಿಗಿ ಆಯ್ತು' ಅಂತ ಮಾಲು ವಾಪಸ್ ಬರುತ್ತಲೇ ಇತ್ತು. ಕೇಳಿದರೆ, 'ಅಳತಿ ಸರಿ ಐತ್ರಿ ಸರ್, ನಾನೇ ಟೇಪ್ ಹಿಡದೇನಿ' ಅಂದರು. ನನ್ನ ಎದುರೇ ಬೂಟಿನೊಳಗಿನ ಇನ್‌ಸೋಲ್ ಕಿತ್ತು ಟೇಪ್ ಹಿಡಿದು ತೋರಿಸಿದರು. 27.3, ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೆ ಅವರು ಅಳೆದದ್ದು ಬೂಟನ್ನು. ಗಿರಾಕಿ ಮನೆಯಲ್ಲಿ ಅಳೆಯುವುದು ತನ್ನ ಪಾದವನ್ನು.

ಮುಚ್ಚಿದ ಬೂಟಿನ ಒಳಗೆ ಪಾದಕ್ಕಿಂತ ಸುಮಾರು 1.5 ಸೆಂ.ಮೀ. ಜಾಸ್ತಿ ಜಾಗ ಇರಬೇಕು. ನಡೆಯುವಾಗ ಪಾದ ಮುಂದಕ್ಕೆ ಜಾರುತ್ತದೆ, ಬೆರಳಿಗೆ ತಾವು ಬೇಕಲ್ವಾ? ಚೂಪು ಮೂತಿಯ ಬೂಟಿಗೆ ಇನ್ನೂ ಹೆಚ್ಚು. ಯುರೋಪಿನ ನಂಬರು ಎಣಿಸುವುದು ಪಾದದ ಮೇಲಲ್ಲ, ಬೂಟು ಕಟ್ಟುವ ಅಚ್ಚು, ಅಂದರೆ ಫರ್ಮಾದ ಉದ್ದದ ಮೇಲೆ. ಬೂಟಿನ ಒಳ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಸೆಂಟಿಮೀಟರಿನ ಮೂರರಲ್ಲಿ ಎರಡು ಪಾಲಿಗೆ ಒಂದು ನಂಬರು. ಅಂದರೆ ಫರ್ಮಾದ ಉದ್ದವನ್ನು ಒಂದೂವರೆಯಿಂದ ಗುಣಿಸಿದರೆ ನಂಬರು ಬರುತ್ತದೆ. 27.3ಕ್ಕೆ 40.95, ಅಂದರೆ 41. ಇವರ ಲೆಕ್ಕ ಕೂಡಿತು. ಈ ಬೂಟು ಹಿಡಿಸುವುದು 25.8 ಸೆಂ.ಮೀ. ಪಾದಕ್ಕೆ.

ಈಗ 27.3 ಸೆಂ.ಮೀ. ಪಾದದವನೊಬ್ಬ ಆ ಚಾರ್ಟ್ ನೋಡಿ 41 ತರಿಸುತ್ತಾನೆ. ಅವನಿಗೆ ಬೇಕಾದದ್ದು 28.8ರ ಫರ್ಮಾ, ಹತ್ತಿರ ಹತ್ತಿರ 43. ಎರಡು ನಂಬರು ಚಿಕ್ಕದು! ಬಿಗಿ ಅನ್ನದೆ ಇನ್ನೇನು ಅಂದಾನು?

ನಿಮ್ಮ ಚಾರ್ಟಿನಲ್ಲಿರುವುದು ಯಾವ ಉದ್ದ ಅಂತ ಪತ್ತೆ ಹಚ್ಚುವುದು ಸುಲಭ. ಸೆಂಟಿಮೀಟರನ್ನು 1.5ರಿಂದ ಗುಣಿಸಿ. ಪಕ್ಕದ ಯುರೋಪ್ ನಂಬರೇ ಬಂದರೆ ಅದು ಬೂಟಿನ ಒಳ ಉದ್ದ. ಎರಡು ಮೂರು ಕಡಿಮೆ ಬಂದರೆ ಪಾದದ ಉದ್ದ. ತಯಾರಕರು ಬಿಡುವ ಜಾಗ ಒಂದೇ ಥರ ಇರುವುದಿಲ್ಲ, ಹಾಗಾಗಿ ಇದು ಸುಳಿವು ಅಷ್ಟೇ, ತೀರ್ಪಲ್ಲ. ಚೀನಾದ ಮಾಲಿನ ಮೇಲೆ 260 ಅಂತ ಇದ್ದರೆ ಅದು ಪಾದದ ಉದ್ದ, ಮಿಲಿಮೀಟರಿನಲ್ಲಿ. ಜಪಾನಿನ 26 ಕೂಡ ಪಾದದ್ದೇ, ಸೆಂಟಿಮೀಟರಿನಲ್ಲಿ. ಟೇಪ್ ಹಿಡಿದು 'ಇಲ್ಲಿ ತಪ್ಪು ಬರೆದಿದ್ದಾರೆ' ಅಂತ 27.5 ಮಾಡಬೇಡಿ. ಮಾಡಿದವರನ್ನು ನೋಡಿದ್ದೇನೆ.

ಇನ್ನು ಯುಕೆ ನಂಬರು. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಅದೇ. 6ಕ್ಕೆ 40, 7ಕ್ಕೆ 41, ಹೀಗೆ 11ಕ್ಕೆ 45 ಎನ್ನುವ ಚಾರ್ಟ್ ಎಲ್ಲ ಕಡೆ ಓಡಾಡುತ್ತಿದೆ. ಯುಕೆಯ ಒಂದು ಹೆಜ್ಜೆ ಇಂಚಿನ ಮೂರನೇ ಒಂದು ಪಾಲು, ಸುಮಾರು 8.5 ಮಿ.ಮೀ. ಯುರೋಪಿನದ್ದು 6.7. ಎರಡೂ ಸರಿಸಮ ಏರುವುದಾದರೂ ಹೇಗೆ? ಲೆಕ್ಕ ಹಾಕಿದರೆ 6 ಬರುವುದು 39.4ಕ್ಕೆ, 8 ಬರುವುದು 42ರ ಹತ್ತಿರ, 11 ಬರುವುದು 45.7ಕ್ಕೆ. ನಡುವಿನ ಸೈಜು ಕೂಡುತ್ತವೆ, ಎರಡೂ ತುದಿಯವು ಕೈಕೊಡುತ್ತವೆ. ರಿಟರ್ನ್ ಪಟ್ಟಿ ತೆಗೆದು ನೋಡಿ, ದೊಡ್ಡ ಕಾಲಿನವರೇ ಜಾಸ್ತಿ ಇದ್ದರೆ ಈ ಚಾರ್ಟಿನ ಮೇಲೆ ಅನುಮಾನ ಪಡಿ. ಅಮೆರಿಕದ ನಂಬರು ಗಂಡಸರಿಗೆ ಯುಕೆಗಿಂತ ಸುಮಾರು ಒಂದು, ಹೆಂಗಸರಿಗೆ ಸುಮಾರು ಎರಡು ಹೆಚ್ಚು. ಯಾರದ್ದು ಅಂತ ಬರೆಯದಿದ್ದರೆ ಅದನ್ನು ಹಾಕಲೇಬೇಡಿ.

ಆದ್ದರಿಂದ ನಾನು ಮೊದಲ ಕಾಲಂನಲ್ಲೇ 'ನಿಮ್ಮ ಪಾದದ ಉದ್ದ' ಅಂತ ಹಾಕುತ್ತೇನೆ. ನಂಬರುಗಳೆಲ್ಲ ಅದರ ಬಲಕ್ಕೆ. ಕೆಳಗೆ ಅಳೆಯುವ ರೀತಿ: ಹಿಮ್ಮಡಿ ಗೋಡೆಗೆ ತಾಗಿಸಿ, ಕಾಗದದ ಮೇಲೆ ಎರಡೂ ಕಾಲಿಗೆ ಭಾರ ಹಾಕಿ ನಿಲ್ಲಿ. ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಗೆ ಗುರುತು ಮಾಡಿ. ಹೆಬ್ಬೆರಳೇ ಆಗಬೇಕೆಂದಿಲ್ಲ, ಎಷ್ಟೋ ಜನರಿಗೆ ಪಕ್ಕದ ಬೆರಳೇ ಉದ್ದ. ಎರಡೂ ಪಾದ ಅಳೆದು ದೊಡ್ಡದನ್ನು ಹಿಡಿಯಿರಿ. ಕೂತು ಅಳೆದರೆ ಕಡಿಮೆ ಬರುತ್ತದೆ.

ಕೊಲ್ಹಾಪುರಿ ಚಪ್ಪಲಿಗೆ ಮಾತ್ರ ಈ ಒಂದೂವರೆ ಸೆಂಟಿಮೀಟರ್ ತರಬೇಡಿ. ಮುಂದೆ ತೆರೆದಿರುವುದರಿಂದ ಬೆರಳಿನಾಚೆ ಅರ್ಧ ಸೆಂಟಿಮೀಟರ್ ಇದ್ದರೆ ಸಾಮಾನ್ಯವಾಗಿ ಸಾಕು. ಅದಕ್ಕೆ ಬೇರೆ ಚಾರ್ಟೇ ಬೇಕು. ಅಗಲ ಪಾದದವರಿಗೆ ಮೊದಲು ಪಟ್ಟಿ ಬಿಗಿಯಾಗುತ್ತದೆ, ತೊಡುತ್ತ ತೊಡುತ್ತ ಚರ್ಮ ಸಡಿಲ ಬಿಡುತ್ತದೆ. ಹಾಗಂತ ಒಂದು ಸಾಲು ಬರೆದಿಡಿ. ಇಲ್ಲದಿದ್ದರೆ ಬಿಗಿ ಅಂತ ಒಂದು ನಂಬರು ದೊಡ್ಡದು ತರಿಸುತ್ತಾರೆ, ತಿಂಗಳು ಕಳೆಯುವಷ್ಟರಲ್ಲಿ ಹಿಮ್ಮಡಿಯ ಹಿಂದೆ ಚಪ್ಪಲಿ ಉಳಿದು ಪಟಪಟ ಬಡಿಯುತ್ತಿರುತ್ತದೆ.