ಕೊನೆಯ ಪ್ರತಿಗೂ ಮುಂಚಿನ ಬರಹ

ವಿದ್ಯಾರ್ಥಿಯ ಪ್ರಬಂಧ ಅವರದೇ ಬರಹವೇ, ಚಾಟ್‌ಜಿಪಿಟಿಯಂತಹ ಯಂತ್ರದ್ದೇ ಎಂಬ ಜಗಳ ಹುಟ್ಟುವುದು ಶಿಕ್ಷಕರ ಕೈಯಲ್ಲಿ ಕೊನೆಯ ಪ್ರತಿಯೊಂದನ್ನು ಬಿಟ್ಟು ಬೇರೇನೂ ಇಲ್ಲದಿದ್ದಾಗ. ಹಳೆಯ ಬಗೆಯ ನಕಲನ್ನು ಹಿಡಿಯುವ ತಂತ್ರಾಂಶ ಮೂಲಪಠ್ಯವನ್ನೇ ಎದುರಿಗಿಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಯಾರು ಬೇಕಾದರೂ ಹೋಲಿಸಬಹುದು. ಯಂತ್ರಬರಹ ಪತ್ತೆ ಮಾಡುವ ಡಿಟೆಕ್ಟರ್ ಬಳಿ ಅಂತಹ ಮೂಲ ಇರುವುದಿಲ್ಲ. ಬಹುಪಾಲು ಅದು ಮಾಡುವುದಿಷ್ಟೇ: ಒಂದು ಪದದ ಬೆನ್ನಿಗೆ ಬರುವ ಪದ ಎಷ್ಟರ ಮಟ್ಟಿಗೆ ನಿರೀಕ್ಷಿತ ಎಂದು ಅಳೆಯುವುದು. ವಾಕ್ಯಗಳು ತೀರಾ ನಿರೀಕ್ಷಿತವಾಗಿದ್ದರೆ ಅವು ಯಂತ್ರದವು ಎಂಬ ಅನುಮಾನ ಏಳುತ್ತದೆ. ಆದರೆ ಸರಳ ಪದಗಳಲ್ಲಿ, ಕಲಿತ ವಾಕ್ಯರಚನೆಯಲ್ಲಿ ಬರೆಯುವ ಮನುಷ್ಯರ ಬರಹವೂ ಹಾಗೆಯೇ ಇರುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ಜ್ಞಾನವನ್ನು ಅಳೆಯುವ ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ ಆ ಪ್ರಬಂಧಗಳಲ್ಲಿ ಸರಾಸರಿ 61 ಪ್ರತಿಶತವನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು.

ಇನ್ನೊಂದು ಲೆಕ್ಕವನ್ನೂ ನೋಡಬೇಕು. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಕಂಪನಿ 2023ರ ಜನವರಿಯಲ್ಲಿ ಬಿಡುಗಡೆ ಮಾಡಿದ ಸ್ವಂತ ಡಿಟೆಕ್ಟರ್, ಕಂಪನಿಯೇ ಹೇಳಿಕೊಂಡಂತೆ, ಯಂತ್ರಬರಹದ 26 ಪ್ರತಿಶತವನ್ನು ಮಾತ್ರ ಹಿಡಿಯುತ್ತಿತ್ತು ಮತ್ತು ಮನುಷ್ಯರ ಬರಹದ 9 ಪ್ರತಿಶತವನ್ನು ಯಂತ್ರದ್ದೆನ್ನುತ್ತಿತ್ತು. ಇನ್ನೂರು ವಿದ್ಯಾರ್ಥಿಗಳಲ್ಲಿ ಇಪ್ಪತ್ತು ಜನ ಯಂತ್ರದಿಂದ ಬರೆಸಿದ್ದಾರೆ ಎಂದುಕೊಳ್ಳಿ. ಆಗ ಸಿಕ್ಕಿಬೀಳುವವರು ಸುಮಾರು ಐವರು, ಸುಮ್ಮನೆ ಆರೋಪಕ್ಕೆ ಗುರಿಯಾಗುವವರು ಹದಿನಾರು ಜನ. ನಿಖರತೆ ಸಾಲದೆಂದು ಆ ಸಾಧನವನ್ನು ಅದೇ ವರ್ಷದ ಜುಲೈಯಲ್ಲಿ ಹಿಂತೆಗೆದುಕೊಳ್ಳಲಾಯಿತು. ನಂತರದ ಸಾಧನಗಳು ಇದಕ್ಕಿಂತ ಉತ್ತಮವಿರಬಹುದು. ಆದರೂ ಪ್ರಾಮಾಣಿಕರೇ ಹೆಚ್ಚಿರುವ ತರಗತಿಯಲ್ಲಿ ಸಣ್ಣ ತಪ್ಪುಪ್ರಮಾಣವೂ ಬಹಳ ಜನರನ್ನು ತಟ್ಟುತ್ತದೆ ಎಂಬ ಗಣಿತ ಬದಲಾಗುವುದಿಲ್ಲ.

ಆದ್ದರಿಂದ ಪ್ರಬಂಧ ಕೈಸೇರಿದ ಮೇಲೆ ಸಾಕ್ಷ್ಯ ಹುಡುಕುವುದಕ್ಕಿಂತ, ಬರೆಯುತ್ತಿರುವಾಗಲೇ ಸಾಕ್ಷ್ಯ ತಾನಾಗಿ ಉಳಿಯುವಂತೆ ಅಸೈನ್‌ಮೆಂಟನ್ನು ರೂಪಿಸುವುದು ಮೇಲು. ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ನೋಡೋಣ. ಪ್ರಶ್ನೆ ಹೀಗಿದೆ: ಬಿಸಿನೀರು ತಣ್ಣೀರಿಗಿಂತ ಬೇಗ ಹೆಪ್ಪುಗಟ್ಟುತ್ತದೆಯೇ? ಎರಾಸ್ಟೊ ಎಂಪೆಂಬಾ ಮತ್ತು ಡೆನಿಸ್ ಆಸ್ಬರ್ನ್ 1969ರಲ್ಲಿ ಪ್ರಕಟಿಸಿದ ಬರಹದಿಂದ ಹೆಸರಾದ ಈ ಪ್ರಶ್ನೆಯ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಸಿದ್ಧ ಉತ್ತರವಿಲ್ಲದಿರುವುದು ಮತ್ತು ಎರಡು ಲೋಟ, ಎರಡು ಥರ್ಮಾಮೀಟರ್, ಒಂದು ಫ್ರೀಜರ್ ಇದ್ದರೆ ಯಾರಾದರೂ ಅಳೆದು ನೋಡಬಹುದಾಗಿರುವುದು, ಇವೆರಡೂ ನಮಗೆ ಅನುಕೂಲ.

ಮೊದಲ ದಿನ ತರಗತಿಯಲ್ಲೇ ಇಪ್ಪತ್ತು ನಿಮಿಷ, ಕಾಗದದ ಮೇಲೆ, ವಿದ್ಯಾರ್ಥಿಗಳು ತಮ್ಮ ಊಹೆಯನ್ನೂ ಅದಕ್ಕೆ ಕಾರಣವನ್ನೂ ಬರೆಯುತ್ತಾರೆ. ಊಹೆ ತಪ್ಪಾದರೂ ಅಂಕ ಹೋಗುವುದಿಲ್ಲ, ಬರೆದು ಕೊಟ್ಟರೆ ಸಾಕು. ಒಬ್ಬ ವಿದ್ಯಾರ್ಥಿನಿ ಹೀಗೆ ಬರೆದಳೆನ್ನಿ: “ಬಿಸಿನೀರು ಆವಿಯಾಗಿ ಕಡಿಮೆಯಾಗುತ್ತದೆ, ಉಳಿದ ನೀರು ಬೇಗ ಹೆಪ್ಪುಗಟ್ಟುತ್ತದೆ.” ಎರಡನೆಯ ವಾರ ಅವಳು ಸಲ್ಲಿಸಿದ ಕರಡಿನಲ್ಲಿ ಮೂರು ಪ್ರಯತ್ನಗಳ ಪಟ್ಟಿ ಇದೆ; ಎರಡನೆಯ ಪ್ರಯತ್ನದಲ್ಲಿ ಮಾತ್ರ ಬಿಸಿನೀರು ಗೆದ್ದಿದೆ. ಶಿಕ್ಷಕರು ವ್ಯಾಕರಣ ತಿದ್ದಲು ಹೋಗದೆ ಅಂಚಿನಲ್ಲಿ ಎರಡೇ ಪ್ರಶ್ನೆ ಬರೆಯುತ್ತಾರೆ: ಕೊನೆಯಲ್ಲಿ ನೀರನ್ನು ತೂಗಿದೆಯಾ? ಥರ್ಮಾಮೀಟರ್ ಎಷ್ಟು ಆಳದಲ್ಲಿತ್ತು? ಈ ಎರಡು ಪ್ರಶ್ನೆಗಳಿಗೆ ಅಂಕಗಳಿಗಿಂತ ಹೆಚ್ಚಿನ ಬೆಲೆಯಿದೆ. ಅವು ಅವಳ ಪಟ್ಟಿಯಿಂದಲೇ ಹುಟ್ಟಿದವು, ಮುಂಚಿತವಾಗಿ ಯಾರಿಗೂ ಗೊತ್ತಿರಲಿಲ್ಲ, ಮತ್ತು ಅವಳ ಮುಂದಿನ ಪ್ರತಿ ಅವುಗಳಿಗೆ ಹೇಗಾದರೂ ಉತ್ತರ ಕೊಡಲೇಬೇಕು.

ಮೂರನೆಯ ವಾರ ತಿದ್ದಿದ ಪ್ರಬಂಧದ ಜೊತೆಗೆ ಒಂದು ಹಿನ್ನೋಟದ ಟಿಪ್ಪಣಿ ಬರಬೇಕು. ಬಹುತೇಕ ಕಡೆ ಈ ಹಂತವೇ ಕೆಡುತ್ತದೆ. “ಈ ಕೆಲಸದಿಂದ ನೀನು ಏನು ಕಲಿತೆ?” ಎಂದು ಕೇಳಿದರೆ “ವೈಜ್ಞಾನಿಕ ವಿಧಾನದ ಮಹತ್ವ ತಿಳಿಯಿತು” ಎಂಬ ಉತ್ತರ ಬರುತ್ತದೆ, ಮತ್ತು ಅದನ್ನು ಯಂತ್ರ ವಿದ್ಯಾರ್ಥಿಗಿಂತ ಚೆನ್ನಾಗಿ ಬರೆಯುತ್ತದೆ. ಪ್ರಶ್ನೆಯನ್ನು ಕರಡಿಗೇ ಕಟ್ಟಿಹಾಕಬೇಕು: ಮೊದಲ ಕರಡಿನ ಯಾವ ವಾಕ್ಯವನ್ನು ಕೈಬಿಟ್ಟೆ, ಏಕೆ? ಅಂಚಿನ ಪ್ರಶ್ನೆಗಳಲ್ಲಿ ಯಾವುದನ್ನು ಒಪ್ಪಲಿಲ್ಲ? ನಮ್ಮ ವಿದ್ಯಾರ್ಥಿನಿಯ ಉತ್ತರ: “ಎರಡನೆಯ ಪ್ರಯತ್ನದಲ್ಲಿ ಥರ್ಮಾಮೀಟರ್ ಲೋಟದ ಗೋಡೆಗೆ ತಾಗಿತ್ತು. ಅಂಚಿನ ನೀರು ಮೊದಲು ತಣ್ಣಗಾಗುವುದರಿಂದ ಪಟ್ಟಿಯ ಆ ಸಾಲನ್ನು ತೆಗೆದೆ. ಸಾಲು ಹೋದ ಮೇಲೆ ನನ್ನ ಮೂರನೆಯ ಪ್ಯಾರಾಕ್ಕೆ ಆಧಾರವಿಲ್ಲದಾಯಿತು.” ಇದನ್ನು ಎರಡೂ ಪ್ರತಿಗಳಲ್ಲಿ ಬೆರಳಿಟ್ಟು ಪರಿಶೀಲಿಸಬಹುದು, ಡಿಟೆಕ್ಟರ್ ಕೊಡುವ ಪ್ರತಿಶತವನ್ನು ಹಾಗೆ ಪರಿಶೀಲಿಸಲು ಬರುವುದಿಲ್ಲ. (ಸಾಲನ್ನು ತೆಗೆಯುವ ಬದಲು ಕಾರಣ ಬರೆದು ಉಳಿಸಿಕೊಳ್ಳಬೇಕಿತ್ತು ಎಂದು ನಾನಾದರೆ ಹೇಳುತ್ತಿದ್ದೆ; ಆ ಚರ್ಚೆಗೂ ಈಗ ಅವಕಾಶವಾಯಿತಲ್ಲ.)

ಜಾಣರು ಕೊನೆಯ ಪ್ರತಿಯನ್ನು ಮೊದಲು ಸಿದ್ಧಪಡಿಸಿಕೊಂಡು ಅದರಿಂದ ಹಿಮ್ಮುಖವಾಗಿ ಕರಡನ್ನು ಸೃಷ್ಟಿಸಬಹುದು. ಹಾಗೆ ಮಾಡಿದ ಕರಡು ಸಾಮಾನ್ಯವಾಗಿ ಅಂತಿಮ ಪ್ರಬಂಧದ ಸಂಕ್ಷೇಪದಂತಿರುತ್ತದೆ: ಅದೇ ಪ್ಯಾರಾಗಳು, ಅದೇ ಕ್ರಮ, ಕೆಲವು ಪದಗಳಷ್ಟೇ ಬೇರೆ. ನಿಜವಾದ ಕರಡಿನಲ್ಲಿ ಮುಂದೆ ಮಾಯವಾಗುವ ವಾದವಿರುತ್ತದೆ, ಅರ್ಧಕ್ಕೆ ನಿಂತ ಪಟ್ಟಿಯಿರುತ್ತದೆ. ಆದರೆ ಇದು ಲಕ್ಷಣವೇ ಹೊರತು ರುಜುವಾತಲ್ಲ, ಯೋಚಿಸಿ ಮುಗಿಸಿಯೇ ಬರೆಯಲು ಕೂರುವವರೂ ಇದ್ದಾರೆ. ಗೂಗಲ್ ಡಾಕ್ಸ್‌ನಂತಹ ತಂತ್ರಾಂಶ ಉಳಿಸಿಡುವ ಆವೃತ್ತಿಗಳ ಇತಿಹಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಒಂದೇ ಸಲಕ್ಕೆ ಎಂಟುನೂರು ಪದಗಳು ಬಂದು ಕುಳಿತಿದ್ದರೆ ಕೇಳಬಹುದು, ಆದರೆ ಬೇರೆ ಕಡತದಲ್ಲಿ ಬರೆದು ತಂದು ಅಂಟಿಸುವುದು ಅಪರಾಧವಲ್ಲ. ಅತ್ತ ಯಂತ್ರದ ಬರಹವನ್ನು ನೋಡಿಕೊಂಡು ನಿಧಾನವಾಗಿ ಟೈಪಿಸಿದರೆ ಇತಿಹಾಸ ನಿರ್ಮಲವಾಗಿಯೇ ಕಾಣುತ್ತದೆ.

ತರಗತಿಯ ಬರಹವನ್ನು ಬಳಸುವಾಗ ಆಗುವ ದೊಡ್ಡ ತಪ್ಪು, ಅದರ ಶೈಲಿಯನ್ನು ಮನೆಯ ಪ್ರಬಂಧದ ಶೈಲಿಗೆ ಹೋಲಿಸುವುದು. ಇಪ್ಪತ್ತು ನಿಮಿಷದಲ್ಲಿ ಗೀಚಿದ್ದು ಮೂರು ವಾರ ತಿದ್ದಿದ್ದಕ್ಕಿಂತ ಒರಟಾಗಿರುವುದು ಸಹಜ; ಒರಟಾಗಿರದಿದ್ದರೆ ತಿದ್ದಿದ್ದಕ್ಕೆ ಅರ್ಥವೇ ಇಲ್ಲ. ಹೋಲಿಸಬೇಕಾದದ್ದು ವಿಚಾರದ ಜಾಡನ್ನು: ಆವಿಯಾಗುವಿಕೆಯಿಂದ ಹೊರಟವಳು ಥರ್ಮಾಮೀಟರಿನ ಸ್ಥಾನಕ್ಕೆ ಬಂದದ್ದು ಹೇಗೆ ಎಂಬುದನ್ನು. ಕೈಬರಹ ನಿಧಾನವಿರುವವರಿಗೆ, ಅಂಗವೈಕಲ್ಯವಿರುವವರಿಗೆ ಹೆಚ್ಚು ಸಮಯವನ್ನೋ ಇಂಟರ್ನೆಟ್ ಇಲ್ಲದ ಕಂಪ್ಯೂಟರನ್ನೋ ಮೊದಲೇ ಗೊತ್ತುಮಾಡಿರಬೇಕು.

ಶಿಕ್ಷಕರ ಸಮಯವೂ ಲೆಕ್ಕಕ್ಕೆ ಬರಬೇಕು. ಅರವತ್ತು ಕರಡುಗಳಿಗೆ ತಲಾ ನಾಲ್ಕು ನಿಮಿಷವೆಂದರೂ ನಾಲ್ಕು ಗಂಟೆ ಹೋಗುತ್ತದೆ. ಹಾಗಾಗಿ ಮೊದಲ ಬರಹವನ್ನು ಬಂದಿದೆ, ಬಂದಿಲ್ಲ ಎಂದಷ್ಟೇ ಗುರುತಿಸಿ, ಕರಡಿಗೆ ಎರಡು ಪ್ರಶ್ನೆಗಳ ಮಿತಿ ಹಾಕಿಕೊಂಡು, ಸೆಮಿಸ್ಟರ್‌ಗೆ ಒಂದೇ ಇಂತಹ ಅಸೈನ್‌ಮೆಂಟ್ ಕೊಡುವುದು ಜಾಣತನ.

ಕೊನೆಯ ದಿನ ಮತ್ತೆ ತರಗತಿಯಲ್ಲೇ ಹದಿನೈದು ನಿಮಿಷ. ಎಲ್ಲರೂ ತಮ್ಮ ತಮ್ಮ ಪ್ರಬಂಧದ ಮುದ್ರಿತ ಪ್ರತಿಯನ್ನು ಮುಂದಿಟ್ಟುಕೊಂಡು ಒಂದೇ ಪ್ರಶ್ನೆಗೆ ಉತ್ತರಿಸುತ್ತಾರೆ: ಎರಡೂ ಲೋಟಗಳ ನೀರನ್ನು ಅರ್ಧಕ್ಕೆ ಇಳಿಸಿದರೆ ನಿಮ್ಮ ಪಟ್ಟಿಯ ಯಾವ ಅಂಕಿಗಳು ಬದಲಾಗಬಹುದು, ಏಕೆ? ನೂರು ಅಂಕಗಳಲ್ಲಿ ಮೊದಲ ಬರಹಕ್ಕೆ 10, ಕರಡಿಗೆ 20, ಅಂತಿಮ ಪ್ರತಿಗೆ 30, ಟಿಪ್ಪಣಿಗೆ 15, ಈ ಉತ್ತರಕ್ಕೆ 25 ಎಂದು ಹಂಚಿದ್ದರೆ, ಬರೆಸಿಕೊಂಡು ಬಂದ ಪ್ರಬಂಧವೊಂದರಿಂದಲೇ ದೊರೆಯುವುದು ಹೆಚ್ಚೆಂದರೆ 30. ತನ್ನ ಪಟ್ಟಿಯನ್ನೇ ವಿವರಿಸಲಾಗದವರು 25ರಲ್ಲಿ ಹೆಚ್ಚಿನದನ್ನು ಕಳೆದುಕೊಳ್ಳುತ್ತಾರೆ, ಮತ್ತು ಅದಕ್ಕಾಗಿ ಯಾರೂ ಯಾರ ಮೇಲೂ ಆರೋಪ ಹೊರಿಸಬೇಕಾಗುವುದಿಲ್ಲ.