ಅಡಿಕೋಲಿಗೆ ಸಿಕ್ಕಿಬೀಳುವ ಮರುಮುದ್ರಣ

ಕೊಡಗಿನಲ್ಲಿ ಪುಸ್ತಕಕ್ಕೆ ವಯಸ್ಸಾಗಲು ನಾಲ್ಕಾರು ಮಳೆಗಾಲ ಸಾಕು. ಬೀರುವಿನೊಳಗೇ ಬೂಷ್ಟು ಹಿಡಿಯುತ್ತದೆ, ರಟ್ಟು ಸೊಟ್ಟಗಾಗುತ್ತದೆ, ಹಾಳೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಏಳುತ್ತವೆ. ಮೊನ್ನೆಮೊನ್ನೆಯ ಪುಸ್ತಕವೂ ಮುತ್ತಜ್ಜನ ಕಾಲದ್ದರಂತೆ ಕಾಣುತ್ತದೆ. ಆದ್ದರಿಂದ "ಹಾಳೆ ಕಂದಾಗಿದೆ, ಮುಟ್ಟಿದರೆ ಪುಡಿಯಾಗುತ್ತದೆ, ಅಂದಮೇಲೆ ತುಂಬ ಹಳೆಯದೇ ಇರಬೇಕು" ಎಂದು ಯಾರಾದರೂ ಹೇಳಿದರೆ ನನಗೆ ಸ್ವಲ್ಪ ರೇಗುತ್ತದೆ.

ಕಂದು ಬಣ್ಣ ಹೇಳುವುದು ಕಾಗದದ ಜಾತಿಯನ್ನು, ವಯಸ್ಸನ್ನಲ್ಲ. ಮರವನ್ನು ಅರೆದು ಮಾಡಿದ ಅಗ್ಗದ ಕಾಗದದಲ್ಲಿ ಮರದ ನಾರನ್ನು ಬಿಗಿದಿಡುವ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ. ಗಾಳಿ ಬೆಳಕು ತಾಗಿದಂತೆ ಅದು ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಶಾಯಿ ಹರಡದಿರಲೆಂದು ಕಾಗದಕ್ಕೆ ಸೇರಿಸುತ್ತಿದ್ದ ರಾಳ ಮತ್ತು ಪಟಿಕ ತೇವದ ಜೊತೆ ಸೇರಿ ಆಮ್ಲವಾಗಿ, ನಾರಿನ ಉದ್ದನೆಯ ಸೆಲ್ಯುಲೋಸ್ ಸರಪಳಿಗಳನ್ನು ತುಂಡುತುಂಡು ಮಾಡುತ್ತದೆ. ಹಾಳೆ ಮುರಿಯುವುದು ಅದರಿಂದ. ಹಳೆಯ ಹತ್ತಿಬಟ್ಟೆಯ ನಾರಿನಿಂದ ಮಾಡಿದ ಕಾಗದಕ್ಕೆ ಲಿಗ್ನಿನ್ ಕಾಟವಿಲ್ಲ. ಹಾಗಾಗಿ ಎರಡನೇ ಮಹಾಯುದ್ಧದ ಕಾಲದಲ್ಲಿ, ಕಾಗದ ಸಿಗದೆ ಕೈಗೆ ಬಂದದ್ದರಲ್ಲಿ ಅಚ್ಚಾದ ಪುಸ್ತಕ ಇವತ್ತು ಹಪ್ಪಳದಂತೆ ಮುರಿಯುತ್ತಿದ್ದರೆ, ಅದಕ್ಕಿಂತ ಎಪ್ಪತ್ತು ವರ್ಷ ಹಿಂದಿನದು ಪಕ್ಕದಲ್ಲೇ ಬೆಳ್ಳಗೆ ಕೂತಿರಬಹುದು.

ಎರಡನೆಯ ಮೂಢನಂಬಿಕೆ ಇದಕ್ಕಿಂತ ಗಟ್ಟಿ: ಅಚ್ಚಿನ ತಪ್ಪು ಇದ್ದರೆ ಮೊದಲ ಮುದ್ರಣ. ಇದು ಎಲ್ಲಿಂದ ಬಂತೆಂದು ಊಹಿಸಬಹುದು. 1885ರ ಅಮೆರಿಕನ್ ಮುದ್ರಣದ 'ಹಕಲ್‌ಬರಿ ಫಿನ್'ನ 57ನೇ ಪುಟದಲ್ಲಿ ಇಂಗ್ಲಿಷಿನ 'saw' (ಗರಗಸ) ಎಂದಿರಬೇಕಾದ ಕಡೆ ಅಕ್ಷರಗಳು ತಿರುಗುಮುರುಗಾಗಿ 'was' ಎಂದು ಬಿದ್ದಿದೆ. ಮುಂದಿನ ಪ್ರತಿಗಳಲ್ಲಿ ಅದನ್ನು ತಿದ್ದಿದರು. ಪುಸ್ತಕ ಸಂಗ್ರಹಿಸುವವರು 'ಪಾಯಿಂಟ್' ಎನ್ನುವುದು ಇಂಥದ್ದನ್ನೇ. ಆದರೆ ಇಲ್ಲಿ ತಪ್ಪು ಮೊದಲು, ಸರಿ ಆಮೇಲೆ ಎಂಬುದು ಬೇರೆ ಆಧಾರಗಳಿಂದ ಖಚಿತವಾದ ಮೇಲಷ್ಟೇ ಆ ತಪ್ಪಿಗೆ ಬೆಲೆ ಬಂದದ್ದು. ಬರೀ ತಪ್ಪು ಏನನ್ನೂ ಹೇಳುವುದಿಲ್ಲ.

ಯಾಕೆಂದರೆ ಸೀಸದ ಅಚ್ಚುಮೊಳೆಗಳನ್ನು ಅಕ್ಷರಕ್ಕೊಂದರಂತೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ಪ್ರೆಸ್ಸಿನವರ ಹತ್ತಿರ ಮೊಳೆಯೇ ಕಡಿಮೆ. ಒಂದು ಫಾರಂ, ಅಂದರೆ ಎಂಟೋ ಹದಿನಾರೋ ಪುಟ, ಅಚ್ಚಾದ ಕೂಡಲೇ ಮೊಳೆಗಳನ್ನು ಬಿಚ್ಚಿ ಅವುಗಳ ಖಾನೆಗೆ ವಾಪಸು ಹಾಕಿ ಮುಂದಿನ ಫಾರಂಗೆ ಕೂರುತ್ತಿದ್ದರು. ಹತ್ತು ವರ್ಷದ ಮೇಲೆ ಎರಡನೇ ಮುದ್ರಣ ಬೇಕೆಂದರೆ ಇಡೀ ಪುಸ್ತಕವನ್ನು ಮೊದಲಿನಿಂದ ಜೋಡಿಸಬೇಕು. ಹಳೆಯ ತಪ್ಪುಗಳು ಹೋಗುತ್ತವೆ, ಹೊಸವು ಬರುತ್ತವೆ. ಕನ್ನಡದಲ್ಲಂತೂ ಒತ್ತಕ್ಷರದ ಮೊಳೆ ಮುರಿಯುವುದು, ಜಾರುವುದು, ಪಕ್ಕದ ಅಕ್ಷರದಡಿ ಸೇರಿಕೊಳ್ಳುವುದು ಯಾವ ಮುದ್ರಣದಲ್ಲಾದರೂ ಆಗಬಹುದು.

ಇನ್ನೊಂದು ತೊಡಕಿದೆ. ಅಚ್ಚು ನಡೆಯುತ್ತಿರುವಾಗಲೇ ತಪ್ಪು ಕಣ್ಣಿಗೆ ಬಿದ್ದರೆ ಯಂತ್ರ ನಿಲ್ಲಿಸಿ ಮೊಳೆ ಬದಲಾಯಿಸುತ್ತಿದ್ದರು, ಆಗಲೇ ಅಚ್ಚಾದ ಹಾಳೆಗಳನ್ನು ಮಾತ್ರ ಎಸೆಯುತ್ತಿರಲಿಲ್ಲ. ಬೈಂಡಿಂಗ್‌ನಲ್ಲಿ ಎಲ್ಲ ಬೆರೆಯುತ್ತಿದ್ದವು. ಶೇಕ್ಸ್‌ಪಿಯರನ 1623ರ ನಾಟಕ ಸಂಪುಟದ 55 ಪ್ರತಿಗಳನ್ನು ಚಾರ್ಲ್ಟನ್ ಹಿನ್ಮನ್ ಎಂಬ ವಿದ್ವಾಂಸ ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದಲ್ಲಿ ಪುಟಪುಟವಾಗಿ ಹೋಲಿಸಿದ. ಅದಕ್ಕೆಂದೇ ಅವನು ಕಟ್ಟಿದ ಯಂತ್ರದಲ್ಲಿ ಎರಡು ಪ್ರತಿಗಳ ಒಂದೇ ಪುಟ ಕನ್ನಡಿಗಳ ಮೂಲಕ ಒಂದರ ಮೇಲೊಂದು ಮಿಣುಕುತ್ತಿತ್ತು. ವ್ಯತ್ಯಾಸವಿದ್ದ ಅಕ್ಷರ ಕುಣಿಯುತ್ತಿತ್ತು. ಒಂದೇ ಪ್ರತಿಯಲ್ಲಿ ಒಂದು ಫಾರಂ ತಿದ್ದುವ ಮುಂಚಿನದು, ಮುಂದಿನ ಫಾರಂ ತಿದ್ದಿದ ನಂತರದ್ದು, ಹೀಗೆ ಕಲಸುಮೇಲೋಗರ ಎಂದು ಅದರಿಂದ ಖಚಿತವಾಯಿತು.

ನಮಗೆ ಆ ಯಂತ್ರ ಬೇಡ, ಅಡಿಕೋಲು ಸಾಕು. ಎರಡು ಪ್ರತಿಗಳ ಒಂದೇ ಪುಟವನ್ನು ಪಕ್ಕಪಕ್ಕ ಇಡಿ. ಒಂದರಲ್ಲಿ ಮೇಲಿನ ಸಾಲಿನ ಮೊದಲ ಅಕ್ಷರದಿಂದ ಕೊನೆಯ ಸಾಲಿನ ಕೊನೆಯ ಅಕ್ಷರಕ್ಕೆ ಅಡಿಕೋಲನ್ನು ಓರೆಯಾಗಿ ಇಟ್ಟು, ನಡುವೆ ಅದು ಯಾವ ಯಾವ ಅಕ್ಷರಗಳನ್ನು ಕತ್ತರಿಸುತ್ತದೆಂದು ಬರೆದುಕೊಳ್ಳಿ. ಇನ್ನೊಂದರಲ್ಲೂ ಹಾಗೇ ಮಾಡಿ. ಮೊಳೆ ಹೊಸದಾಗಿ ಜೋಡಿಸಿದ್ದರೆ ಪದ ಪದವೂ ಒಂದೇ ಇದ್ದರೂ ನಡುವಿನ ಜಾಗ ತುಸು ಹೆಚ್ಚುಕಡಿಮೆಯಾಗಿರುತ್ತದೆ. ಕೋಲು ಬೇರೆ ಅಕ್ಷರಗಳ ಮೇಲೆ ಹೋಗುತ್ತದೆ. 1924ರಲ್ಲಿ ಮೊದಲು ಅಚ್ಚಾದ ಕೊಡವ ಜನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ'ಯಂಥ ಪುಸ್ತಕದ ಮುಖಪುಟ ಕಳೆದುಹೋದ ಪ್ರತಿ ಮನೆಯಲ್ಲಿದ್ದರೆ, ಮೊದಲ ಮುದ್ರಣವೆಂದು ಗೊತ್ತಿರುವ ಪ್ರತಿಯ ಒಂದು ಪುಟದ ನೇರ ಫೋಟೋ ತರಿಸಿಕೊಂಡು ಇದನ್ನೇ ಮಾಡಬಹುದು.

ಆದರೆ ಅಡಿಕೋಲನ್ನೂ ಮೋಸಗೊಳಿಸುವ ಒಂದು ವರ್ಗವಿದೆ: ಹಳೆಯ ಪುಟಗಳ ಫೋಟೋ ತೆಗೆದು ಆಫ್‌ಸೆಟ್‌ನಲ್ಲಿ ಮಾಡಿದ ಮರುಮುದ್ರಣ. ವಿರಾಜಪೇಟೆ ಕಡೆಯ ತೋಟದವರೊಬ್ಬರು ರಿಕ್ಟರನ 'ಮ್ಯಾನ್ಯುಅಲ್ ಆಫ್ ಕೂರ್ಗ್' ತಂದು ಮೇಜಿನ ಮೇಲಿಟ್ಟಾಗ ಇದೇ ಆಯಿತು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್, 1870 ಎಂದು ಮುಖಪುಟ. ಚರ್ಮದ ರಟ್ಟು, ಹುಳು ಕೊರೆದ ತೂತುಗಳು. "ತಾತನ ಬೀರುವಿನಲ್ಲಿತ್ತು ಸಾರ್" ಎಂದರು. ಅಂತರ್ಜಾಲದಲ್ಲಿರುವ ಮೂಲ ಪ್ರತಿಯ ಪುಟದೊಂದಿಗೆ ಅಡಿಕೋಲು ಇಟ್ಟು ನೋಡಿದರೆ ಅಕ್ಷರ ಅಕ್ಷರವೂ ಕೂಡಿಬಂತು.

ದೀಪ ಆರಿಸಿ ಟಾರ್ಚನ್ನು ಹಾಳೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದೆವು. ಸೀಸದ ಮೊಳೆ ಒತ್ತಿದ ಕಾಗದದಲ್ಲಿ ಅಕ್ಷರ ತುಸು ತಗ್ಗಿರುತ್ತದೆ, ಹಾಳೆಯ ಹಿಂದೆ ಉಬ್ಬು ಕಾಣುತ್ತದೆ. ಇಲ್ಲಿ ಎಲ್ಲವೂ ಸಪಾಟು. ಇಷ್ಟರಿಂದಲೇ ತೀರ್ಪು ಕೊಡುವಂತಿಲ್ಲ, ಬೈಂಡಿಂಗ್‌ನ ಒತ್ತಡಕ್ಕೆ, ತೇವಕ್ಕೆ ಉಬ್ಬು ಅಡಗಿಹೋಗುವುದುಂಟು. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದೆವು. ಮೊಳೆಯ ಅಚ್ಚಿನಲ್ಲಿ ಒತ್ತಡಕ್ಕೆ ಶಾಯಿ ಅಂಚಿಗೆ ಸರಿದು, ಅಕ್ಷರದ ಸುತ್ತ ಕಪ್ಪು ಗಡಿಯೊಂದು ಕಟ್ಟಿರುತ್ತದೆ. ಇಲ್ಲಿ ಅದೂ ಇಲ್ಲ. ಬದಲಿಗೆ ಅಕ್ಷರಗಳ ಸಣ್ಣ ಹೊಟ್ಟೆಗಳು ತುಂಬಿಕೊಂಡು, ತೆಳು ಗೆರೆಗಳು ಅಲ್ಲಲ್ಲಿ ಕಡಿದಿದ್ದವು. ಫೋಟೋದ ಗುರುತು ಅದು.

ಕೊನೆಗೆ 365 ನ್ಯಾನೋಮೀಟರಿನ ನೇರಳಾತೀತ ಟಾರ್ಚು. (ಅಗ್ಗದ 395ರದ್ದು ತಾನೇ ನೇರಳೆ ಬೆಳಕು ಚೆಲ್ಲಿ ದಾರಿ ತಪ್ಪಿಸುತ್ತದೆ.) ಬಟ್ಟೆ ಒಗೆಯುವ ಪುಡಿಯಲ್ಲಿರುವ ಬಿಳುಪುಕಾರಕಗಳಂಥವನ್ನೇ ಕಾಗದಕ್ಕೂ ಹಾಕುವುದು ವಾಡಿಕೆಯಾದದ್ದು 1950ರ ನಂತರ. ಅವು ನೇರಳಾತೀತವನ್ನು ಹೀರಿ ನೀಲಿಯಾಗಿ ಹೊಳೆಯುತ್ತವೆ. ಮೇಲೆ ಕಂದುಗಟ್ಟಿದ್ದ ಅಂಚು ಬಿಟ್ಟರೆ ಹಾಳೆಯ ಒಳಭಾಗವೆಲ್ಲ ನೀಲಿ ಬೆಳಗಿತು. ಪುಸ್ತಕದ ಮೊದಲು ಕೊನೆಯ ಖಾಲಿ ಹಾಳೆಗಳು ಮಾತ್ರ ಬೆಳಗಿದ್ದರೆ ಅವನ್ನು ಆಮೇಲೆ ಅಂಟಿಸಿದ್ದೆನ್ನಬಹುದಿತ್ತು. ಇಲ್ಲಿ ಅಚ್ಚಾದ ಪುಟಗಳೇ ಬೆಳಗುತ್ತಿದ್ದವು.

ಹಾಗಾದರೆ ಚರ್ಮದ ರಟ್ಟು? ಅದು ನಿಜಕ್ಕೂ ಹಳೆಯದೇ. ರಟ್ಟಿನಲ್ಲಿದ್ದ ಹುಳದ ತೂತುಗಳಲ್ಲಿ ಸೂಜಿ ಇಳಿಸಿದರೆ ಮೊದಲ ಹಾಳೆಗೇ ನಿಂತುಬಿಟ್ಟಿತು. ಹುಳ ರಟ್ಟನ್ನು ಕೊರೆದಾಗ ಒಳಗಿದ್ದದ್ದು ಬೇರೆ ಪುಸ್ತಕ. ಬೆನ್ನಿನ ಕಡೆ ನೋಡಿದರೆ ಮಡಿಸಿ ಹೊಲಿದ ಕಟ್ಟುಗಳಿಲ್ಲ, ಎಲ್ಲ ಬಿಡಿ ಹಾಳೆಗಳೇ, ಬದಿಯಿಂದ ದಾರ ಪೋಣಿಸಿದ್ದು. ಬೆನ್ನು ಹರಿದ ಮರುಮುದ್ರಣವನ್ನು ಯಾರೋ ಕೈಗೆ ಸಿಕ್ಕ ಹಳೆ ರಟ್ಟಿಗೆ ಕಟ್ಟಿಸಿದ್ದಾರೆ, ಮೋಸಕ್ಕೇ ಮಾಡಿರಬೇಕೆಂದೇನಿಲ್ಲ. ಈ ಪುಸ್ತಕ ದೆಹಲಿಯಲ್ಲಿ 1980ರ ದಶಕದಲ್ಲಿ ಮರುಮುದ್ರಣವಾಗಿದೆ.

ನೀಲಿ ಬೆಳಗದಿದ್ದರೆ ಹಳೆಯದು ಎಂದು ತಿರುಗಿಸಿ ಓದಬಾರದು. ಬಿಳುಪುಕಾರಕವಿಲ್ಲದ ಕಾಗದ ಇವತ್ತಿಗೂ ತಯಾರಾಗುತ್ತದೆ. 1924ರ ಮುದ್ರಣವನ್ನೂ 1940ರ ಮರುಮುದ್ರಣವನ್ನೂ ಆ ಟಾರ್ಚು ಒಂದೇ ರೀತಿ ತೋರಿಸುತ್ತದೆ. ಮೊಳೆಯ ಉಬ್ಬು, ಶಾಯಿಯ ಗಡಿ ಎರಡರಲ್ಲೂ ಇರುತ್ತವೆ. ಅಲ್ಲಿ ಮತ್ತೆ ಅಡಿಕೋಲನ್ನೇ ತೆಗೆಯಬೇಕು.