ಗೋಡೆಯ ಬುಡ ಒದ್ದೆ: ನೀರು ನೆಲದಿಂದಲೇ ಏರುತ್ತಿದೆಯಾ?

ಪ್ರಶ್ನೆ: ನಮ್ಮದು ನೆಲಮಹಡಿ ಮನೆ. ಬಾತ್‌ರೂಮಿಗೆ ಅಂಟಿಕೊಂಡಿರುವ ರೂಮಿನ ಗೋಡೆ ಬುಡದಿಂದ ಎರಡಡಿವರೆಗೆ ಒದ್ದೆಯಾಗಿದೆ. ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ನೆಲದಿಂದ ನೀರು ಏರುತ್ತಿದೆ, ಗೋಡೆಗೆ ಸಾಲಾಗಿ ತೂತು ಕೊರೆದು ಕೆಮಿಕಲ್ ತುಂಬಿಸಿ ಅಂತಾರೆ. ನಿಜಾನಾ?

ಇರಬಹುದು. ಆದರೆ ಬುಡ ಒದ್ದೆಯಾಗಿದೆ ಅನ್ನೋ ಒಂದೇ ಕಾರಣಕ್ಕೆ ಒಪ್ಪಿಕೊಳ್ಳಬೇಡಿ. ಪೈಪಿನಿಂದ ಸೋರಿದ ನೀರೂ ಕೊನೆಗೆ ಕೆಳಗೇ ಇಳಿಯುತ್ತದೆ, ಅಲ್ವಾ? ಅದರಲ್ಲೂ ಪಕ್ಕದಲ್ಲೇ ಬಾತ್‌ರೂಮ್ ಇದ್ದರೆ ನನ್ನ ಮೊದಲ ಅನುಮಾನ ಅದರ ಮೇಲೇ.

ಮೊದಲು ಗಾಳಿಯ ತೇವವನ್ನು ಲೆಕ್ಕದಿಂದ ತೆಗೆದುಬಿಡೋಣ. ರೂಮಿನ ಬೆಚ್ಚಗಿನ ಗಾಳಿಯಲ್ಲಿರುವ ನೀರಿನ ಆವಿ ತಣ್ಣಗಿನ ಗೋಡೆಗೆ ತಾಗಿ ಹನಿಯಾಗುತ್ತದೆ. ಇದು ಜಾಸ್ತಿ ಕಾಣುವುದು ಮೂಲೆಗಳಲ್ಲಿ, ಬೀರುವಿನ ಹಿಂದೆ, ಕಿಟಕಿಯ ಸುತ್ತ. ಜೊತೆಗೆ ಕಪ್ಪು ಬೂಷ್ಟು ಚುಕ್ಕಿ ಚುಕ್ಕಿಯಾಗಿ ಹಿಡಿದಿರುತ್ತದೆ. ಪರೀಕ್ಷೆ ಸುಲಭ. ಒದ್ದೆ ಜಾಗವನ್ನು ಬಟ್ಟೆಯಿಂದ ಒರೆಸಿ, ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ ಮೇಲೆ ಹನಿ ಕೂತಿದ್ದರೆ ಅದು ಗಾಳಿಯದ್ದು. ಗೋಡೆ ಕಡೆ ಹನಿ ಇದ್ದರೆ ನೀರು ಗೋಡೆಯೊಳಗೇ ಇದೆ. ಆದರೆ ಆ ನೀರು ನೆಲದ್ದೋ ಪೈಪಿನದ್ದೋ ಅಂತ ಹಾಳೆ ಹೇಳುವುದಿಲ್ಲ.

ಅದನ್ನು ಹೇಳುವುದು ಕಲೆಯ ಆಕಾರ. ಬತ್ತಿ ಎಣ್ಣೆ ಎಳೆಯುವ ಹಾಗೆ ಇಟ್ಟಿಗೆ, ಗಾರೆ ಎರಡೂ ನೆಲದ ನೀರನ್ನು ಮೇಲಕ್ಕೆ ಎಳೆಯುತ್ತವೆ. ಸಾಮಾನ್ಯವಾಗಿ ಮೂರು ಅಡಿಯ ಆಸುಪಾಸಿನಲ್ಲಿ ಅದು ನಿಂತುಬಿಡುತ್ತದೆ, ಯಾಕೆಂದರೆ ಅಷ್ಟರಲ್ಲಿ ನೀರು ಆವಿಯಾಗಿ ಹೋಗಿರುತ್ತದೆ. ಹೋಗುವಾಗ ಮಣ್ಣಿನ ಉಪ್ಪನ್ನು ಮೇಲಂಚಿನಲ್ಲೇ ಬಿಡುತ್ತದೆ. ಹಾಗಾಗಿ ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಅಡ್ಡಗೆರೆ ಕಾಣಬೇಕು. ಬಿಳಿ ಪುಡಿ ಕಂಡ ತಕ್ಷಣ ನೆಲದ ನೀರು ಅನ್ನುವವರಿದ್ದಾರೆ. ಅದು ತಪ್ಪು. ಇಟ್ಟಿಗೆ, ಸಿಮೆಂಟಿನಲ್ಲೂ ಉಪ್ಪು ಇರುತ್ತದೆ, ಯಾವ ನೀರು ಒಣಗಿದರೂ ಅದು ಹೊರಗೆ ಬರಬಹುದು. ಎರಡು ಮುಳ್ಳಿನ ತೇವದ ಮೀಟರನ್ನೂ ಪೂರ್ತಿ ನಂಬಬೇಡಿ, ಉಪ್ಪಿದ್ದ ಕಡೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಕಲೆ ಬಾತ್‌ರೂಮಿನ ತುದಿಯಲ್ಲಿ ಎರಡಡಿ ಎತ್ತರ ಇತ್ತು, ಆರಡಿ ಆಚೆ ಹೋಗುವಷ್ಟರಲ್ಲಿ ಅರ್ಧ ಅಡಿಗೆ ಇಳಿದಿತ್ತು. ನೆಲದ ನೀರಾಗಿದ್ದರೆ ಒಂದೇ ತುದಿಯಲ್ಲಿ ಇಷ್ಟೊಂದು ಏರುತ್ತಿರಲಿಲ್ಲ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ನೀರಿನ ಮೀಟರ್ ಬರೆದಿಟ್ಟುಕೊಂಡೆ. ಬೆಳಿಗ್ಗೆ ಅದೇ ಅಂಕಿ. ಸೋರಿಕೆ ಇಲ್ಲ ಅಂತ ಖುಷಿಪಟ್ಟೆ, ದಡ್ಡತನ! ಮೇಲಿನ ಟ್ಯಾಂಕಿನಿಂದ ನೀರು ಬರುವ ಮನೆಯಲ್ಲಿ ಟ್ಯಾಂಕಿನ ಆಚೆಗಿನ ಪೈಪ್ ಸೋರಿದರೆ ಮೀಟರಿಗೆ ತಕ್ಷಣ ಗೊತ್ತೇ ಆಗುವುದಿಲ್ಲ. ಮರುರಾತ್ರಿ ಟ್ಯಾಂಕಿಗೆ ಬರುವ ನೀರನ್ನೂ ನಿಲ್ಲಿಸಿ, ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿದೆ. ಬೆಳಿಗ್ಗೆಯೂ ಮಟ್ಟ ಇಳಿದಿರಲಿಲ್ಲ.

ಅಲ್ಲಿಗೆ ನಲ್ಲಿ ಪೈಪು ಸರಿ ಇದೆ ಅಂತಾಯ್ತು. ಉಳಿದಿದ್ದು ಬಳಸಿದ ನೀರು ಹೋಗುವ ಪೈಪು. ಅದರಲ್ಲಿ ನೀರು ಇರುವುದೇ ಸ್ನಾನ ಮಾಡುವಾಗ, ಹಾಗಾಗಿ ರಾತ್ರಿಯ ಪರೀಕ್ಷೆಗೆ ಅದು ಸಿಗುವುದಿಲ್ಲ. ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದೆ. ಆ ಬಾತ್‌ರೂಮಿಗೆ ಎರಡು ವಾರ ಬೀಗ. ಆಮೇಲೆ ನೋಡಿದರೆ ಒದ್ದೆ ಅಂಚು ಗೆರೆಯಿಂದ ನಾಲ್ಕು ಬೆರಳು ಹಿಂದೆ ಸರಿದಿತ್ತು. ನೆಲದ ನೀರು ಬೀಗ ನೋಡಿ ಸುಮ್ಮನಾಗುವುದಿಲ್ಲವಲ್ಲ. ಟೈಲ್ಸ್ ಕಿತ್ತಾಗ ನೆಲದ ಜಾಲರಿಯ ಕೆಳಗಿನ ಜಾಯಿಂಟ್ ಬಿರುಕು ಬಿಟ್ಟಿದ್ದು ಕಾಣಿಸಿತು.

ನಿಮ್ಮ ಗೋಡೆಯ ಗೆರೆ ಸಮನಾಗಿದ್ದು, ಬೀಗ ಹಾಕಿದರೂ ಕದಲದಿದ್ದರೆ, ಕೊರೆಯುವ ಮುಂಚೆ ಹೊರಗೆ ಹೋಗಿ ನೋಡಿ. ಪಾಯದ ಮೇಲೆ ನೀರು ತಡೆಯುವ ಪದರ ಹಾಕಿರುತ್ತಾರೆ. ಹೊರಗಿನ ಮಣ್ಣೋ ಕಾಂಕ್ರೀಟೋ ಅದಕ್ಕಿಂತ ಮೇಲೆ ಬಂದಿದ್ದರೆ ನೀರು ಪದರವನ್ನು ತಪ್ಪಿಸಿಕೊಂಡು ಅದರ ಮೇಲಿನಿಂದ ಗೋಡೆಗೆ ಸೇರುತ್ತದೆ. ಆಗ ಬೇಕಾಗಿದ್ದು ಗುದ್ದಲಿ, ಕೆಮಿಕಲ್ ಅಲ್ಲ.

ಕಾರಣ ಯಾವುದೇ ಇರಲಿ, ಸರಿ ಮಾಡಿದ ಮರುದಿನವೇ ಬಣ್ಣ ಹಚ್ಚಬೇಡಿ. ಒಂದು ಇಂಚು ದಪ್ಪ ಒಣಗಲು ಸುಮಾರು ಒಂದು ತಿಂಗಳು ಬೇಕು. ನಮ್ಮ ಒಂಬತ್ತು ಇಂಚಿನ ಗೋಡೆಗೆ ಹಳೇ ಗಾರೆ ಕೆತ್ತಿಸಿ ಎಂಟು ತಿಂಗಳು ಹಾಗೇ ಬಿಟ್ಟಿದ್ದೆವು.